ವಾರದ ಒಣದಿನ ಮತ್ತು ಜ್ವರದ ದಿನಗಳ ಲೆಕ್ಕ: ಡೆಂಗ್ಯೂ ತಡೆಗೆ ನಮ್ಮ ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ಎಲ್ಲ ನಿವಾಸಿಗಳ ಗಮನಕ್ಕೆ.

"ಮನೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ" ಎಂಬ ಸೂಚನೆಯನ್ನು ಸಂಘದ ಕಚೇರಿ ಈ ಮಳೆಗಾಲದ ಆರಂಭದಲ್ಲಿಯೇ ನೋಟಿಸ್ ಬೋರ್ಡಿಗೆ ಹಾಕಿತ್ತು. ಬಹುತೇಕ ಮನೆಯವರು ಅದನ್ನು ಪಾಲಿಸಿದ್ದಾರೆ. ಆದರೂ ಪಾಲಿಕೆಯ ಆರೋಗ್ಯ ಸಿಬ್ಬಂದಿ ಟಾರ್ಚ್ ಹಿಡಿದು ಬಂದಾಗ, ವಾರ ತಪ್ಪದೆ ನೀರು ಚೆಲ್ಲುವ ಮನೆಗಳಲ್ಲಿಯೇ ಸೊಳ್ಳೆಯ ಲಾರ್ವಾ ಮತ್ತೆ ಸಿಕ್ಕಿದೆ. ನಿವಾಸಿಗಳ ಅಸಡ್ಡೆ ಇದಕ್ಕೆ ಕಾರಣವೆಂದು ಸಮಿತಿಗೆ ಅನ್ನಿಸುವುದಿಲ್ಲ. ಏನು ಮಾಡಬೇಕೆಂದು ನೋಟಿಸಿನಲ್ಲಿ ಹೇಳಿದ್ದೆವು, ಹೇಗೆ ಮಾಡಬೇಕೆಂದು ಹೇಳಿರಲಿಲ್ಲ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಡಲಾಗಿದೆ. ಕೊನೆಯ ಮೂರು ಹಂತಗಳು ಜ್ವರಕ್ಕೆ ಸಂಬಂಧಿಸಿದವು. ಮನೆಯಲ್ಲಿ ಈಗಾಗಲೇ ಯಾರಿಗಾದರೂ ಜ್ವರವಿದ್ದರೆ ಮೊದಲು ಹಂತ 7ರಿಂದ ಓದಿರಿ.

## ಹಂತ 1: ಯಾವ ಸೊಳ್ಳೆ ಎಂದು ತಿಳಿದುಕೊಳ್ಳಿ

ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಸೊಳ್ಳೆಗಳ ಬಗ್ಗೆ ಕಚೇರಿಗೆ ಅತಿ ಹೆಚ್ಚು ದೂರು ಬರುತ್ತದೆ. ಹಿಂದಿನ ರಾಜಕಾಲುವೆಯೇ ಎಲ್ಲಕ್ಕೂ ಮೂಲ ಎಂಬ ಮಾತೂ ಅದರೊಂದಿಗೆ ಬರುತ್ತದೆ. ಕೊಳಕು ನೀರಿನಲ್ಲಿ ಹುಟ್ಟಿ ರಾತ್ರಿ ಕಚ್ಚುವ ಆ ಸೊಳ್ಳೆ ಕ್ಯೂಲೆಕ್ಸ್ ಜಾತಿಯದು. ಅದು ಡೆಂಗ್ಯೂ ಹರಡುವುದಿಲ್ಲ.

ಡೆಂಗ್ಯೂ ಹರಡುವುದು ಮುಖ್ಯವಾಗಿ ಈಡಿಸ್ ಈಜಿಪ್ಟಿ ಎಂಬ ಸೊಳ್ಳೆ. ಅದರ ಮೈ ಕಪ್ಪು, ಕಾಲುಗಳ ಮೇಲೆ ಬಿಳಿ ಪಟ್ಟೆ. ಅದು ಹಗಲಿನಲ್ಲಿ ಕಚ್ಚುತ್ತದೆ, ಬೆಳಿಗ್ಗೆ ಬಿಸಿಲೇರುವ ಮೊದಲು ಮತ್ತು ಸಂಜೆ ಹೊತ್ತು ಮುಳುಗುವ ಮುನ್ನ ಹೆಚ್ಚಾಗಿ ಕಚ್ಚುತ್ತದೆ. ಮಕ್ಕಳು ಶಾಲೆಯ ಬಸ್ಸಿಗೆ ಕಾಯುವ ಮತ್ತು ಸಂಜೆ ಆಟವಾಡುವ ಸಮಯ ಅದೇ. ಇದು ಬಹಳ ದೂರ ಹಾರುವುದಿಲ್ಲ, ಸಾಮಾನ್ಯವಾಗಿ ಹುಟ್ಟಿದ ಜಾಗದ ಸುತ್ತಲಿನ ಕೆಲವು ನೂರು ಮೀಟರಿನೊಳಗೇ ಬದುಕು ಮುಗಿಸುತ್ತದೆ. ಆದ್ದರಿಂದ ನಿಮ್ಮನ್ನು ಕಚ್ಚಿದ ಈಡಿಸ್ ಸೊಳ್ಳೆ ನಿಮ್ಮದೇ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ನಮ್ಮ ತಾರಸಿಯಲ್ಲಿ ಅಥವಾ ಎದುರಿನ ಕಟ್ಟಡದಲ್ಲಿ ಹುಟ್ಟಿರುವ ಸಾಧ್ಯತೆಯೇ ಹೆಚ್ಚು.

ಈ ಸೊಳ್ಳೆಗೆ ಬೇಕಾದುದು ಹೆಚ್ಚು ಅಲುಗಾಡದ, ಸಾಕಷ್ಟು ತಿಳಿಯಾದ ನೀರು. ಅದು ಮೊಟ್ಟೆಯನ್ನು ನೀರಿನ ಮಧ್ಯದಲ್ಲಿ ಇಡದೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಒಳಗೋಡೆಯ ತೇವದ ಮೇಲೆ ಅಂಟಿಸುತ್ತದೆ. ಮೊಟ್ಟೆಗಳು ಮಸಿಯ ಪುಡಿಯಂತೆ ಸಣ್ಣದಾಗಿ ಕಪ್ಪಗಿರುತ್ತವೆ. ಪಾತ್ರೆ ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತುಂಬಿ ಅವುಗಳ ಮಟ್ಟ ತಲುಪಿದಾಗ ಒಡೆಯುತ್ತವೆ. ನೀರು ಚೆಲ್ಲಿಯೂ ಲಾರ್ವಾ ಸಿಗುವುದಕ್ಕೆ ಇದೇ ಕಾರಣ. ಮೊಟ್ಟೆ ಒಡೆದ ಮೇಲೆ ಹಾರುವ ಸೊಳ್ಳೆಯಾಗಲು ನಮ್ಮ ಊರಿನ ಮಳೆಗಾಲದ ಹವೆಯಲ್ಲಿ ಸುಮಾರು ಎಂಟರಿಂದ ಹತ್ತು ದಿನ ಬೇಕು, ಸೆಖೆ ಹೆಚ್ಚಿದ್ದರೆ ಇನ್ನೂ ಬೇಗ. ವಾರಕ್ಕೊಮ್ಮೆ ಒಣದಿನ, ಅಂದರೆ ನೀರು ನಿಲ್ಲುವ ಪಾತ್ರೆಗಳನ್ನೆಲ್ಲ ಖಾಲಿ ಮಾಡಿ ಉಜ್ಜಿ ಒಣಗಿಸುವ ದಿನ, ಆಚರಿಸಬೇಕೆಂಬ ನಿಯಮ ಈ ಲೆಕ್ಕದಿಂದ ಬಂದಿದೆ. ಎರಡು ವಾರಕ್ಕೊಮ್ಮೆ ಮಾಡಿದರೆ ನಡುವೆ ಒಂದು ಪೀಳಿಗೆ ಹಾರಿಹೋಗಿರುತ್ತದೆ.

## ಹಂತ 2: ಸಾಮಗ್ರಿ ಹೊಂದಿಸಿಕೊಳ್ಳಿ

ಒಂದು ಟಾರ್ಚ್ ಬೇಕು, ಮೊಬೈಲಿನ ಬೆಳಕೂ ಸಾಕು. ಉಜ್ಜಲು ಗಟ್ಟಿ ಬ್ರಷ್ ಅಥವಾ ತೆಂಗಿನ ನಾರು ಬೇಕು, ಪಾತ್ರೆ ತೊಳೆಯುವ ಮೃದು ಸ್ಪಂಜಿನಿಂದ ಈ ಮೊಟ್ಟೆಗಳು ಬಿಡುವುದಿಲ್ಲ. ಇದಲ್ಲದೆ ಒಂದು ಬಕೆಟ್, ಒಂದು ಬಿಳಿಯ ಬಟ್ಟಲು, ನೀರು ಸೋಸಲು ಹಳೆಯ ಪಂಚೆಯ ತುಂಡು, ಡ್ರಮ್ಮಿನ ಬಾಯಿಗೆ ಕಟ್ಟಲು ದಟ್ಟ ನೇಯ್ಗೆಯ ಬಟ್ಟೆ ಮತ್ತು ಬಿಗಿಯಾದ ಇಲಾಸ್ಟಿಕ್ ಇರಲಿ. ಬಿಳಿ ಬಟ್ಟಲು ಏಕೆಂದರೆ, ಗಾಢ ಬಣ್ಣದ ಪಾತ್ರೆಯಲ್ಲಿ ಸಣ್ಣ ಲಾರ್ವಾ ಕಣ್ಣಿಗೆ ಬೀಳುವುದಿಲ್ಲ.

## ಹಂತ 3: ಡ್ರಮ್ಮನ್ನು ಸರಿಯಾದ ಕ್ರಮದಲ್ಲಿ ತೊಳೆಯಿರಿ

ಕಾವೇರಿ ನೀರು ದಿನ ಬಿಟ್ಟು ದಿನ ಬರುವ, ಟ್ಯಾಂಕರ್ ಯಾವಾಗ ಬರುತ್ತದೆಯೋ ತಿಳಿಯದ ಊರಿನಲ್ಲಿ ಯುಟಿಲಿಟಿಯಲ್ಲಿ ಒಂದು ಡ್ರಮ್ಮು ಇಟ್ಟುಕೊಳ್ಳಬೇಡಿ ಎಂದು ಹೇಳುವುದು ನ್ಯಾಯವಲ್ಲ. ಇಟ್ಟುಕೊಳ್ಳಿ. ಆದರೆ ಭಾನುವಾರ ಬೆಳಿಗ್ಗೆ ಈ ಕ್ರಮದಲ್ಲಿ ತೊಳೆಯಿರಿ.

ಮೊದಲು ನೋಡಿ, ಆಮೇಲೆ ಅಲುಗಾಡಿಸಿ. ಮುಚ್ಚಳವನ್ನು ಮೆಲ್ಲನೆ ತೆಗೆದು, ಡ್ರಮ್ಮನ್ನು ಮುಟ್ಟದೆ, ಟಾರ್ಚನ್ನು ಓರೆಯಾಗಿ ಹಿಡಿದು ನೀರಿನ ಮೇಲ್ಮೈಯನ್ನು ಅರ್ಧ ನಿಮಿಷ ಗಮನಿಸಿ. ಲಾರ್ವಾಗಳು ಉಸಿರಾಡಲು ಮೇಲೆ ಬಂದು, ತಲೆ ಕೆಳಗಾಗಿ ನೀರಿನ ಮಟ್ಟದಿಂದ ನೇತಾಡುತ್ತಿರುತ್ತವೆ. ನೆರಳು ಬಿದ್ದರೆ ಅಥವಾ ಡ್ರಮ್ಮು ಅಲುಗಿದರೆ ಮೈ ಕೊಂಕಿಸುತ್ತಾ ತಳಕ್ಕೆ ಇಳಿದುಬಿಡುತ್ತವೆ. ಅವುಗಳ ಜೊತೆಗೆ ದೊಡ್ಡ ತಲೆಯ, ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಹುಳುಗಳು ಕಂಡರೆ ಅವು ಪ್ಯೂಪಾ. ಪ್ಯೂಪಾ ಕಂಡ ಮನೆಯಲ್ಲಿ ಒಂದೆರಡು ದಿನದೊಳಗೆ ಸೊಳ್ಳೆ ಹಾರುತ್ತದೆ ಎಂದು ತಿಳಿಯಿರಿ.

ನಂತರ ನೀರನ್ನು ಪಂಚೆಯ ಬಟ್ಟೆಯ ಮೂಲಕ ಬಕೆಟ್ಟಿಗೆ ಸೋಸಿ. ಸೋಸಿದ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು, ಚೆಲ್ಲಬೇಕಾಗಿಲ್ಲ. ಬಟ್ಟೆಯಲ್ಲಿ ಉಳಿದುದನ್ನು ಬಿಸಿಲಿನಲ್ಲಿ ಒಣಗಲು ಬಿಡಿ. ಸೋಸದ ನೀರನ್ನು ಚರಂಡಿಗೆ ಅಥವಾ ಬಾಲ್ಕನಿಯ ಮೋರಿಗೆ ಸುರಿಯಬೇಡಿ. ಕೆಳಗಿನ ಚೇಂಬರಿನಲ್ಲಿ ನೀರು ನಿಂತಿದ್ದರೆ ಲಾರ್ವಾಗಳು ಅಲ್ಲಿಯೇ ಬೆಳೆಯುತ್ತವೆ.

ಹೆಚ್ಚಿನವರು ತಪ್ಪುವುದು ಈ ಮುಂದಿನ ಹೆಜ್ಜೆಯಲ್ಲಿ. ಚೆಂಬಿನಿಂದ ಮೊಗೆದು ಮೊಗೆದು ತಳದಲ್ಲಿ ನಾಲ್ಕು ಬೆರಳು ನೀರು ಉಳಿದಾಗ, "ಇನ್ನೇನು ಖಾಲಿಯಾಯಿತು" ಎಂದು ನಲ್ಲಿ ತಿರುಗಿಸುತ್ತಾರೆ. ಆದರೆ ಹೆದರಿ ತಳಕ್ಕಿಳಿದ ಲಾರ್ವಾಗಳೆಲ್ಲ ಆ ಕೊನೆಯ ನೀರಿನಲ್ಲಿಯೇ ಇರುತ್ತವೆ. ಡ್ರಮ್ಮನ್ನು ಪೂರ್ತಿ ಬೋರಲು ಹಾಕಿ ತಳದ ನೀರನ್ನೂ ಸೋಸಿ ತೆಗೆಯಿರಿ.

ಈಗ ಉಜ್ಜಿ. ತಳಕ್ಕಿಂತ ಗೋಡೆ ಮುಖ್ಯ. ನೀರು ಸಾಮಾನ್ಯವಾಗಿ ಎಲ್ಲಿಯವರೆಗೆ ಇರುತ್ತದೆಯೋ ಅಲ್ಲಿ ಒಂದು ಜಾರುವ ಗೆರೆ ಬೆರಳಿಗೆ ಸಿಗುತ್ತದೆ. ಆ ಗೆರೆಯಿಂದ ಒಂದು ಗೇಣು ಮೇಲೆ ಮತ್ತು ಒಂದು ಗೇಣು ಕೆಳಗೆ ಸುತ್ತಲೂ ಒತ್ತಿ ಉಜ್ಜಬೇಕು. ಮುಚ್ಚಳದ ಒಳಬದಿ ಮತ್ತು ಅದರ ಅಂಚಿನ ತೋಡನ್ನೂ ಬಿಡಬೇಡಿ. ಉಜ್ಜಿದ ನೀರನ್ನು ಬಿಸಿಲು ಬೀಳುವ ಒಣ ಮಣ್ಣಿಗೆ ಹಾಕಿ. ಡ್ರಮ್ಮನ್ನು ಬೋರಲಾಗಿ ಬಿಸಿಲಿನಲ್ಲಿ ಪೂರ್ಣ ಒಣಗಿಸಿ, ಆಮೇಲೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅದರ ಮೇಲೆ ಮುಚ್ಚಳ ಹಾಕಿ. ಮುಚ್ಚಳದಲ್ಲಿ ಕೊಳವೆಗೆಂದು ಕೊರೆದ ತೂತು ಇದ್ದರೆ ಬರಿಯ ಮುಚ್ಚಳದಿಂದ ಉಪಯೋಗವಿಲ್ಲ. ಸೊಳ್ಳೆಗೆ ಅಷ್ಟೇ ದಾರಿ ಸಾಕು.

## ಹಂತ 4: ಮನೆಯ ಉಳಿದ ಜಾಗಗಳನ್ನು ಸುತ್ತಿ ನೋಡಿ

ಡ್ರಮ್ಮು ಮುಗಿದ ಮೇಲೆ ಅಡುಗೆಮನೆಯಿಂದ ಬಾಲ್ಕನಿಯ ಕಡೆಗೆ ಬನ್ನಿ. ಪ್ರತಿ ವಾರವೂ ಇದೇ ದಾರಿಯಲ್ಲಿ ನಡೆದರೆ ಯಾವುದೂ ಮರೆಯುವುದಿಲ್ಲ.

ಫ್ರಿಜ್ಜಿನ ಹಿಂಬದಿಯಲ್ಲಿ ಕೆಳಗೆ, ಕಂಪ್ರೆಸರಿನ ಮೇಲೆ, ನೀರು ಸೇರುವ ಒಂದು ತಟ್ಟೆ ಇರುತ್ತದೆ. ಅದು ಇದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಪ್ಲಗ್ ತೆಗೆದು, ಫ್ರಿಜ್ಜನ್ನು ಮುಂದಕ್ಕೆ ಸರಿಸಿ, ತಟ್ಟೆಯ ನೀರನ್ನು ಬಟ್ಟೆಯಿಂದ ಹೀರಿ ಅಂಚನ್ನು ಉಜ್ಜಿ ಒರೆಸಿ. ನೀರು ಶುದ್ಧೀಕರಣ ಯಂತ್ರದ ತ್ಯಾಜ್ಯ ನೀರನ್ನು ಹಿಡಿದಿಡುವ ಕ್ಯಾನನ್ನೂ ಅಂದೇ ತೊಳೆಯಿರಿ.

ಬಾಟಲಿಯಲ್ಲಿ ಬೆಳೆಸಿದ ಮನಿಪ್ಲಾಂಟಿನ ನೀರು ಬದಲಿಸುವಾಗ ಬಾಟಲಿಯ ಒಳಗೋಡೆಯನ್ನೂ ಬೇರುಗಳನ್ನೂ ನಲ್ಲಿಯ ಕೆಳಗೆ ತೊಳೆಯಬೇಕು, ಏಕೆಂದರೆ ಮೊಟ್ಟೆ ಬೇರಿಗೂ ಅಂಟಿರುತ್ತದೆ. ಕುಂಡಗಳ ಕೆಳಗಿನ ತಟ್ಟೆಗಳನ್ನು ತೆಗೆದುಬಿಡುವುದೇ ಒಳ್ಳೆಯದು. ನೆಲ ಕಲೆಯಾಗುತ್ತದೆ ಎನ್ನುವವರು ತಟ್ಟೆಯ ತುಂಬ ಮರಳು ತುಂಬಿ, ಮರಳಿನ ಮೇಲೆ ನೀರು ಕಾಣದಂತೆ ನೋಡಿಕೊಳ್ಳಲಿ. ಬೇಸಿಗೆಯಲ್ಲಿ ಹಕ್ಕಿಗಳಿಗೆಂದು ಇಟ್ಟ ಬಟ್ಟಲು ಮಳೆಗಾಲದಲ್ಲಿಯೂ ಹಾಗೆಯೇ ಉಳಿದಿರುತ್ತದೆ. ಅದನ್ನು ದಿನವೂ ಉಜ್ಜಿ ತುಂಬಲಾಗದಿದ್ದರೆ ಬೋರಲು ಹಾಕಿರಿ.

ಊರಿನಿಂದ ತಂದು ಅಂದಕ್ಕೆಂದು ಬಾಲ್ಕನಿಯಲ್ಲಿಯೂ ತೋಟದಲ್ಲಿಯೂ ಇಟ್ಟ ಒರಳುಕಲ್ಲುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಈ ಸೊಳ್ಳೆಗೆ ಅದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಒರಟು ಕಲ್ಲು, ನೆರಳು, ಮಳೆಯ ತಿಳಿ ನೀರು. ಮಗುಚಲು ಆಗದ ಭಾರ ಬೇರೆ. ಕುಳಿಯ ನೀರನ್ನು ಬಟ್ಟೆಯಿಂದ ಹೀರಿ, ನಾರಿನಿಂದ ಉಜ್ಜಿ, ಕುದಿಯುವ ನೀರು ಸುರಿದು ಒರೆಸಿ, ಬಳಿಕ ಕುಳಿಯನ್ನು ಮರಳು ಅಥವಾ ಮಣ್ಣಿನಿಂದ ಬಾಯಿಯವರೆಗೆ ತುಂಬಿ. ಬೇಕಿದ್ದರೆ ಅದರಲ್ಲಿಯೇ ಗಿಡ ನೆಡಿ.

ಕೊನೆಗೆ ಕಿಟಕಿಯಿಂದ ಇಣುಕಿ ಸಜ್ಜಾ ನೋಡಿ. ಮೇಲಿನಿಂದ ಬಿದ್ದ ಪ್ಲಾಸ್ಟಿಕ್ ಲೋಟ, ತೊಟ್ಟಿಕ್ಕುವ ಎಸಿ ನೀರು, ಮುಚ್ಚಿಹೋದ ತೂಬು ಕಂಡರೆ ಕಚೇರಿಗೆ ತಿಳಿಸಿ. ನೀವಾಗಿ ಸಜ್ಜಾದ ಮೇಲೆ ಇಳಿಯಬೇಡಿ.

ಆರು ತಿಂಗಳಿನಿಂದ ಬೀಗ ಹಾಕಿದ ಮನೆಗಳು ನಮ್ಮಲ್ಲಿ ಇವೆ. ಬಳಸದ ಕಮೋಡು, ಅದರ ಹಿಂದಿನ ಫ್ಲಶ್ ತೊಟ್ಟಿ, ಸ್ನಾನದ ಮನೆಯ ನೆಲದ ಜಾಲಿ, ಈ ಮೂರರಲ್ಲಿಯೂ ನೀರು ನಿಂತಿರುತ್ತದೆ. ಹೊರ ಊರಿನಲ್ಲಿರುವ ಮಾಲೀಕರು ಬೀಗದ ಕೈಯನ್ನು ನೆಂಟರಿಗೋ ಕಚೇರಿಗೋ ಕೊಟ್ಟು, ವಾರಕ್ಕೊಮ್ಮೆ ಫ್ಲಶ್ ಮಾಡಿಸಬೇಕು. ಅದು ಆಗದಿದ್ದರೆ ಫ್ಲಶ್ ತೊಟ್ಟಿಯ ನಲ್ಲಿ ಮುಚ್ಚಿ ಖಾಲಿ ಮಾಡಿಸಿ, ಕಮೋಡು ಮತ್ತು ನೆಲದ ಜಾಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಸುತ್ತಲೂ ಟೇಪು ಅಂಟಿಸಬೇಕು.

## ಹಂತ 5: ತಾರಸಿ, ಸಂಪು, ನೆಲಮಾಳಿಗೆ

ಇದು ಸಂಘದ ಹೊಣೆ. ಆದರೂ ಏನು ನಡೆಯಬೇಕೆಂದು ನಿವಾಸಿಗಳಿಗೆ ತಿಳಿದಿದ್ದರೆ ಕೇಳಲು ಬರುತ್ತದೆ.

ಓವರ್‌ಹೆಡ್ ಟ್ಯಾಂಕಿನ ಮುಚ್ಚಳವನ್ನು ಎಲ್ಲರೂ ನೋಡುತ್ತಾರೆ, ಓವರ್‌ಫ್ಲೋ ಕೊಳವೆಯ ಬಾಯಿಯನ್ನು ಯಾರೂ ನೋಡುವುದಿಲ್ಲ. ಆ ಕೊಳವೆ ತೆರೆದಿದ್ದರೆ ಸೊಳ್ಳೆ ಅದರೊಳಗಿಂದಲೇ ಟ್ಯಾಂಕಿಗೆ ಹೋಗುತ್ತದೆ. ಓವರ್‌ಫ್ಲೋ ಮತ್ತು ಗಾಳಿ ಕೊಳವೆಗಳ ಬಾಯಿಗೆ ಕಿಟಕಿಗೆ ಹಾಕುವಂತಹ ಸೊಳ್ಳೆ ಜಾಲರಿಯನ್ನು, ಅಂದರೆ ಅಂಗುಲಕ್ಕೆ 16ರಿಂದ 18 ಎಳೆ ಇರುವುದನ್ನು, ಕ್ಲಿಪ್ಪಿನಿಂದ ಬಿಗಿಯಬೇಕು. ನೈಲಾನ್ ಜಾಲರಿ ಬಿಸಿಲಿಗೆ ಪುಡಿಯಾಗುತ್ತದೆ. ಸ್ಟೀಲಿನದೇ ಹಾಕಿಸಬೇಕೆಂದು ಪ್ಲಂಬರಿಗೆ ತಿಳಿಸಲಾಗಿದೆ.

ಸಂಪಿನ ಮುಚ್ಚಳದ ಚೌಕಟ್ಟಿನಲ್ಲಿ ಬಿರುಕು ಇರಬಾರದು. ಮುಚ್ಚಳದ ಮೇಲಿನ ಹಿಡಿಯ ಗುಳಿಯಲ್ಲಿ ನಿಲ್ಲುವ ಬೊಗಸೆ ನೀರು ಕೂಡ ಸಾಕು. ಅಲ್ಲಿ ಲಾರ್ವಾ ಸಿಕ್ಕಿದ್ದುಂಟು. ಮಳೆನೀರು ಕೊಯ್ಲಿನ ಫಿಲ್ಟರ್ ಡ್ರಮ್ಮನ್ನು ಮಳೆ ನಿಂತ ಮೇಲೆ ಬಸಿದುಬಿಡಬೇಕು. ಲಿಫ್ಟಿನ ಗುಂಡಿಯಲ್ಲಿ ನೀರು ಕಂಡರೆ ಲಿಫ್ಟ್ ಕಂಪನಿಯ ತಂತ್ರಜ್ಞರೇ ಬಂದು ತೆಗೆಯಬೇಕು, ಸೆಕ್ಯೂರಿಟಿಯವರನ್ನು ಒಳಗೆ ಇಳಿಸುವಂತಿಲ್ಲ. ಖಾಲಿ ಮಾಡಲಾಗದ ಅಲಂಕಾರದ ಕೊಳಕ್ಕೆ ಗಪ್ಪಿ ಅಥವಾ ಗಾಂಬೂಸಿಯಾ ಮೀನು ಬಿಡುತ್ತೇವೆ. ಅವು ಲಾರ್ವಾ ತಿನ್ನುತ್ತವೆ. ಲಾರ್ವಾ ನಾಶಕ ಔಷಧಿಯನ್ನು ಪಾಲಿಕೆಯ ಆರೋಗ್ಯ ಸಿಬ್ಬಂದಿಯೇ ಅಳತೆ ಮಾಡಿ ಹಾಕುತ್ತಾರೆ. ಸಂಪಿಗೆ ಸೀಮೆಎಣ್ಣೆ, ಫಿನಾಯಿಲ್ ಹಾಕುವ ಪ್ರಯೋಗ ಯಾರೂ ಮಾಡಬಾರದು. ಅದು ನಾವೆಲ್ಲ ಬಳಸುವ ನೀರು.

ಪಕ್ಕದ ನಿವೇಶನದಲ್ಲಿ ಮೋಲ್ಡ್ ಹಾಕಿ ಕ್ಯೂರಿಂಗ್‌ಗೆ ನೀರು ಕಟ್ಟಿದ್ದಾರೆ. ಅಲ್ಲಿನ ಮೇಸ್ತ್ರಿಯೊಂದಿಗೆ ಮಾತನಾಡಿ, ವಾರಕ್ಕೊಮ್ಮೆ ನೀರು ಪೂರ್ತಿ ಬಿಟ್ಟು ಹೊಸದಾಗಿ ಕಟ್ಟಲು ಕೇಳಿಕೊಂಡಿದ್ದೇವೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ಕೊಡುವವರಿಗೆ ನಗರ ಪ್ರದೇಶದಲ್ಲಿ ಮನೆಗೆ 400 ರೂಪಾಯಿ, ನಿರ್ಮಾಣ ಸ್ಥಳ ಮತ್ತು ಖಾಲಿ ನಿವೇಶನಕ್ಕೆ 2000 ರೂಪಾಯಿ ದಂಡ ಗೊತ್ತುಪಡಿಸಿತು. ದಂಡದ ಮಾತಿಗಿಂತ ಮೇಸ್ತ್ರಿಯೊಂದಿಗೆ ನೇರವಾಗಿ ಮಾತನಾಡುವುದೇ ಬೇಗ ಕೆಲಸ ಮಾಡುತ್ತದೆ.

## ಹಂತ 6: ಲಾರ್ವಾ ಮತ್ತೆ ಸಿಕ್ಕರೆ ಅದರ ವಯಸ್ಸು ನೋಡಿ

ಬಿ ಬ್ಲಾಕಿನ ಮೂರನೆಯ ಮಹಡಿಯ ಒಂದು ಮನೆಯ ಉದಾಹರಣೆ ನೋಡೋಣ. ಭಾನುವಾರ ಡ್ರಮ್ಮು ಖಾಲಿ ಮಾಡಿ ತುಂಬಿದ್ದರು. ಮಂಗಳವಾರ ಪರೀಕ್ಷಿಸಿದಾಗ ನೂಲಿನ ಎಳೆಯಷ್ಟು ಸಣ್ಣ ಲಾರ್ವಾಗಳೂ ಕೆಲವು ಪ್ಯೂಪಾಗಳೂ ಒಟ್ಟಿಗೆ ಕಂಡವು. "ಮೊನ್ನೆ ತಾನೇ ಚೆಲ್ಲಿದ್ದೇವೆ ಸ್ವಾಮಿ, ಎಲ್ಲಿಂದ ಬಂತು?" ಎಂದು ಮನೆಯವರು ಬೇಸರಪಟ್ಟರು.

ಉತ್ತರ ಆ ಹುಳುಗಳ ಗಾತ್ರದಲ್ಲಿಯೇ ಇತ್ತು. ಮೊಟ್ಟೆ ಒಡೆದು ಪ್ಯೂಪಾ ಆಗಲು ನಾಲ್ಕೈದು ದಿನವಾದರೂ ಬೇಕು. ಭಾನುವಾರ ತುಂಬಿದ ಹೊಸ ನೀರಿನಲ್ಲಿ ಹುಟ್ಟಿದ ಲಾರ್ವಾ ಮಂಗಳವಾರಕ್ಕೆ ಪ್ಯೂಪಾ ಆಗಲು ಸಾಧ್ಯವಿಲ್ಲ. ಅಂದರೆ ಅವು ಹಿಂದಿನ ವಾರದವು, ತಳದಲ್ಲಿ ಉಳಿಸಿದ ನೀರಿನೊಂದಿಗೆ ಉಳಿದವು. ಸಣ್ಣ ಲಾರ್ವಾಗಳು ಗೋಡೆಗೆ ಅಂಟಿದ್ದ ಹಳೆಯ ಮೊಟ್ಟೆಗಳಿಂದ ಬಂದವು. ಡ್ರಮ್ಮನ್ನು ಅಂಚಿನವರೆಗೆ ತುಂಬಿದಾಗ ನೀರು ಆ ಮೊಟ್ಟೆಗಳನ್ನು ಮುಟ್ಟಿತ್ತು. ಮುಂದಿನ ಭಾನುವಾರ ಬೋರಲು ಹಾಕಿ, ಗೆರೆಯ ಮೇಲೂ ಕೆಳಗೂ ಉಜ್ಜಿ, ಒಣಗಿಸಿ ತುಂಬಿದ ಮೇಲೆ ಡ್ರಮ್ಮು ಸ್ವಚ್ಛವಾಯಿತು. ಆದರೆ ಮನೆಯೊಳಗೆ ಪಟ್ಟೆಕಾಲಿನ ಸೊಳ್ಳೆ ಮಾತ್ರ ನಿಲ್ಲಲಿಲ್ಲ. ಮತ್ತೆ ಹುಡುಕಿದಾಗ ಫ್ರಿಜ್ಜಿನ ತಟ್ಟೆ ಸಿಕ್ಕಿತು.

ಆದ್ದರಿಂದ ತೊಳೆದ ಎರಡು ದಿನದ ನಂತರ ಒಮ್ಮೆ ನೋಡುವ ಅಭ್ಯಾಸವಿರಲಿ. ಸಣ್ಣವು ಮಾತ್ರ ಕಂಡರೆ ಉಜ್ಜಿದ್ದು ಸಾಲದು. ದೊಡ್ಡವು ಅಥವಾ ಪ್ಯೂಪಾ ಕಂಡರೆ ಖಾಲಿ ಮಾಡಿದ್ದು ಸಾಲದು. ಏನೂ ಕಾಣದೆ ಸೊಳ್ಳೆ ಮಾತ್ರ ಇದ್ದರೆ ಮೂಲ ಬೇರೆ ಕಡೆ ಇದೆ.

ಫಾಗಿಂಗ್ ಮಾಡಿಸಿ ಎಂಬ ಬೇಡಿಕೆಗೂ ಇಲ್ಲಿಯೇ ಉತ್ತರಿಸುತ್ತೇವೆ. ಹೊಗೆ ಹಾರುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆ. ನೀರಿನಲ್ಲಿರುವ ಲಾರ್ವಾಕ್ಕೂ ಗೋಡೆಯ ಮೊಟ್ಟೆಗೂ ಅದು ತಾಗುವುದಿಲ್ಲ. ಈಡಿಸ್ ಸೊಳ್ಳೆ ಮಂಚದ ಕೆಳಗೆ, ಪರದೆಯ ಮರೆಯಲ್ಲಿ, ನೇತುಹಾಕಿದ ಬಟ್ಟೆಗಳ ನಡುವೆ ಕೂರುವುದರಿಂದ, ಕಿಟಕಿ ಮುಚ್ಚಿದ ಮನೆಗಳ ಹೊರಗೆ ಹಾಕಿದ ಹೊಗೆಯಿಂದ ಹೆಚ್ಚು ಫಲವಿಲ್ಲ. ಡೆಂಗ್ಯೂ ಪ್ರಕರಣ ದೃಢಪಟ್ಟಾಗ, ಆರೋಗ್ಯ ಸಿಬ್ಬಂದಿ ಹೇಳಿದರೆ ಮಾತ್ರ ಮಾಡಿಸಲಾಗುವುದು.

## ಹಂತ 7: ಜ್ವರ ಬಂದ ದಿನ ಮತ್ತು ಸಮಯ ಬರೆದಿಡಿ

ಸೋಂಕಿತ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಸಾಮಾನ್ಯವಾಗಿ ಅದು ಏಕಾಏಕಿ ಬರುತ್ತದೆ ಮತ್ತು ಹೆಚ್ಚಾಗಿರುತ್ತದೆ. ತೀವ್ರ ತಲೆನೋವು, ಕಣ್ಣಿನ ಗುಡ್ಡೆಯ ಹಿಂದೆ ನೋವು, ಮೈಕೈ ಮತ್ತು ಕೀಲುಗಳ ನೋವು, ವಾಕರಿಕೆ, ಮೈಮೇಲೆ ಕೆಂಪು ದದ್ದು ಇದರ ಲಕ್ಷಣಗಳು. ಎಲ್ಲವೂ ಎಲ್ಲರಲ್ಲಿಯೂ ಇರುವುದಿಲ್ಲ, ಮಕ್ಕಳಲ್ಲಿ ಬರಿಯ ಜ್ವರ ಮತ್ತು ಮಂಕು ಇರಬಹುದು. ನಮ್ಮ ಮೈಬಣ್ಣದಲ್ಲಿ ದದ್ದು ಸುಲಭವಾಗಿ ಕಾಣುವುದೂ ಇಲ್ಲ. ಮೂಗು ಸೋರುವುದು, ಗಂಟಲು ಕೆರೆತ ಪ್ರಧಾನವಾಗಿದ್ದರೆ ಬೇರೆ ಜ್ವರ ಇರುವ ಸಾಧ್ಯತೆ ಹೆಚ್ಚು. ಆದರೂ ಮಳೆಗಾಲದಲ್ಲಿ ಬಂದ ಜ್ವರವನ್ನು ಮನೆಯಲ್ಲಿಯೇ ಇಂಥದೆಂದು ತೀರ್ಮಾನಿಸಬೇಡಿ.

ಜ್ವರ ಶುರುವಾದ ದಿನಾಂಕ ಮತ್ತು ಹೊತ್ತನ್ನು ಒಂದು ಕಾಗದದಲ್ಲಿ ಬರೆಯಿರಿ. ಮುಂದಿನ ಎಲ್ಲ ನಿರ್ಧಾರಗಳೂ ಈ ದಿನದ ಲೆಕ್ಕದ ಮೇಲೆ ನಿಂತಿವೆ. ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 ಪರೀಕ್ಷೆಯಿಂದ, ಐದನೆಯ ದಿನದ ನಂತರ ಐಜಿಎಂ ಪರೀಕ್ಷೆಯಿಂದ ಸೋಂಕು ಪತ್ತೆಯಾಗುತ್ತದೆ. ತಪ್ಪು ದಿನ ತಪ್ಪು ಪರೀಕ್ಷೆ ಮಾಡಿಸಿದರೆ ಡೆಂಗ್ಯೂ ಇದ್ದರೂ ಇಲ್ಲವೆಂದು ವರದಿ ಬರಬಹುದು. ಸಾಧ್ಯವಾದರೆ ಎಲೈಸಾ ವಿಧಾನದ ಪರೀಕ್ಷೆಯನ್ನೇ ಕೇಳಿ. 2024ರ ಜುಲೈಯಲ್ಲಿ ರಾಜ್ಯ ಸರ್ಕಾರ ಖಾಸಗಿ ಪ್ರಯೋಗಾಲಯಗಳಲ್ಲಿ ಅದರ ದರವನ್ನು 300 ರೂಪಾಯಿಗೆ ಮಿತಿಗೊಳಿಸಿತು.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ದೊಡ್ಡವರಿಗೆ 500 ಮಿಲಿಗ್ರಾಂ ಮಾತ್ರೆ, ಎರಡು ಮಾತ್ರೆಗಳ ನಡುವೆ ಆರು ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಪಿತ್ತಜನಕಾಂಗದ ತೊಂದರೆ ಇರುವವರು ಇದಕ್ಕೂ ವೈದ್ಯರನ್ನು ಕೇಳಬೇಕು. ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಿ. ಮೈಕೈ ನೋವು ತಡೆಯಲಾಗದೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಡೆಂಗ್ಯೂವಿನಲ್ಲಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ಬರೆದ ಹೆಸರು ಓದಿ, ಏಕೆಂದರೆ ಪ್ಯಾರಾಸಿಟಮಾಲ್ ಜೊತೆಗೆ ಇವುಗಳಲ್ಲೊಂದು ಬೆರೆತ ಮಾತ್ರೆಗಳೂ ಉಂಟು. ಹೃದಯದ ಕಾಯಿಲೆಗೆ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವ ಹಿರಿಯರು ಅದನ್ನು ತಾವಾಗಿ ನಿಲ್ಲಿಸದೆ, ಜ್ವರದ ಮೊದಲ ದಿನವೇ ವೈದ್ಯರನ್ನು ಕೇಳಬೇಕು.

ಕುಡಿಯಲು ಕೊಡುತ್ತಲೇ ಇರಬೇಕು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣದಂತೆ ಕಲಸಿದ ಒಆರ್‌ಎಸ್, ಗಂಜಿ, ಮಜ್ಜಿಗೆ, ಎಳನೀರು, ತಿಳಿಸಾರು ಯಾವುದಾದರೂ ಸರಿ. ಸಾಕಷ್ಟು ಕುಡಿಯುತ್ತಿದ್ದಾರೆಯೇ ಎಂದು ತಿಳಿಯಲು ಮೂತ್ರ ನೋಡಿ. ಆರು ಗಂಟೆಗೊಮ್ಮೆಯಾದರೂ, ಹೆಚ್ಚು ಹಳದಿಯಿಲ್ಲದೆ ಹೋಗುತ್ತಿರಬೇಕು.

ಗರ್ಭಿಣಿಯರು, ಹಸುಗೂಸುಗಳು, ವೃದ್ಧರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮತ್ತು ಹಿಂದೆ ಒಮ್ಮೆ ಡೆಂಗ್ಯೂ ಬಂದಿದ್ದವರು ಮೊದಲ ದಿನವೇ ವೈದ್ಯರ ಬಳಿ ಹೋಗಬೇಕು. ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದವರಿಗೆ ಮತ್ತೊಂದು ಬಗೆ ತಗುಲಿದಾಗ ರೋಗ ಉಲ್ಬಣವಾಗುವ ಸಾಧ್ಯತೆ ಹೆಚ್ಚು. "ಒಮ್ಮೆ ಬಂದಿದೆ, ಇನ್ನು ಬರುವುದಿಲ್ಲ" ಎಂಬ ಮಾತನ್ನು ನಂಬಬೇಡಿ.

## ಹಂತ 8: ಜ್ವರ ಇಳಿದ ದಿನ ಎಚ್ಚರ ಹೆಚ್ಚಿಸಿ

ಈ ಹಂತವನ್ನು ದಯವಿಟ್ಟು ಮನೆಯವರೆಲ್ಲರೂ ಓದಿರಿ.

ಒಬ್ಬರಿಗೆ ಸೋಮವಾರ ಸಂಜೆ ಜ್ವರ ಶುರುವಾಯಿತು ಎಂದುಕೊಳ್ಳಿ. ಬುಧವಾರ ರಕ್ತಪರೀಕ್ಷೆ ಮಾಡಿಸಿದರು, ಎನ್‌ಎಸ್‌1 ಇದೆ ಎಂದು ವರದಿ ಬಂತು. ವೈದ್ಯರು ಮನೆಯಲ್ಲಿಯೇ ಆರೈಕೆ ಸಾಕೆಂದರು, ದಿನವೂ ರಕ್ತಪರೀಕ್ಷೆಗೆ ಬರಲು ಹೇಳಿದರು. ಶುಕ್ರವಾರ ಬೆಳಿಗ್ಗೆ ಮಾತ್ರೆಯಿಲ್ಲದೆಯೇ ಜ್ವರ ಇಳಿಯಿತು. ಮನೆಯವರಿಗೆ ನಿರಾಳವಾಯಿತು. ಶುಕ್ರವಾರದ ಪರೀಕ್ಷೆ ಬೇಡವೆಂದುಕೊಂಡರು.

ಡೆಂಗ್ಯೂವಿನಲ್ಲಿ ಅತ್ಯಂತ ಅಪಾಯದ ಅವಧಿ ಆ ಶುಕ್ರವಾರವೇ ಆರಂಭವಾಗುತ್ತದೆ. ಜ್ವರ ಶುರುವಾದ ಮೂರರಿಂದ ಏಳನೆಯ ದಿನದ ನಡುವೆ, ಮೈ ತಣ್ಣಗಾಗುವ ಹೊತ್ತಿಗೆ, ಕೆಲವರಲ್ಲಿ ರಕ್ತನಾಳಗಳಿಂದ ರಕ್ತದ ದ್ರವ ಹೊರಕ್ಕೆ ಸೋರತೊಡಗುತ್ತದೆ. ಈ ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆ ಇರುತ್ತದೆ. ಹೆಚ್ಚಾಗಿ ಸೋರಿದರೆ ರಕ್ತದೊತ್ತಡ ಕುಸಿಯುತ್ತದೆ. ಜ್ವರ ಇಳಿದು, ಹಸಿವಾಗಿ, ಚುರುಕಾದರೆ ಅದು ಗುಣ. ಜ್ವರ ಇಳಿದರೂ ಮನುಷ್ಯ ಇನ್ನಷ್ಟು ಸೋತು ಮಲಗಿದರೆ ಅದು ಗುಣವಲ್ಲ.

ಕೆಳಗಿನವುಗಳಲ್ಲಿ ಒಂದೇ ಒಂದು ಕಂಡರೂ, ರಾತ್ರಿಯಾದರೂ, ಆಸ್ಪತ್ರೆಗೆ ಹೊರಡಿ:

- ಬಿಡದ, ತೀವ್ರವಾದ ಹೊಟ್ಟೆನೋವು
- ಮತ್ತೆ ಮತ್ತೆ ವಾಂತಿ, ಕುಡಿದದ್ದು ಉಳಿಯದಿರುವುದು
- ಒಸಡು ಅಥವಾ ಮೂಗಿನಿಂದ ರಕ್ತ, ವಾಂತಿಯಲ್ಲಿ ರಕ್ತ, ಕಪ್ಪು ಮಲ, ಮುಟ್ಟಿನಲ್ಲಿ ಮಿತಿಮೀರಿದ ಸ್ರಾವ
- ಅತಿಯಾದ ಮಂಪರು, ಚಡಪಡಿಕೆ, ಮಗು ಸಮಾಧಾನವಾಗದೆ ಅಳುವುದು
- ಕೈಕಾಲು ತಣ್ಣಗಾಗಿ ಬೆವರುವುದು, ಎದ್ದು ನಿಂತಾಗ ತಲೆ ಸುತ್ತಿ ಬೀಳುವಂತಾಗುವುದು
- ಉಸಿರಾಟಕ್ಕೆ ಕಷ್ಟ
- ಆರು ಗಂಟೆಯಿಂದ ಮೂತ್ರ ಹೋಗದಿರುವುದು

ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ, ಗೇಟಿನ ಸೆಕ್ಯೂರಿಟಿಗೂ ತಿಳಿಸಿ. ಆಂಬುಲೆನ್ಸ್ ಬರುವಷ್ಟರಲ್ಲಿ ಅವರು ದಾರಿಯ ಗಾಡಿ ಸರಿಸಿ ಲಿಫ್ಟನ್ನು ಕೆಳಗೆ ನಿಲ್ಲಿಸಿರುತ್ತಾರೆ.

ರಕ್ತಪರೀಕ್ಷೆಯ ವರದಿಯಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ಹುಡುಕುತ್ತಾರೆ. ಅದರ ಪಕ್ಕದಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಇನ್ನೊಂದು ಅಂಕಿ ಇರುತ್ತದೆ. ದ್ರವ ಸೋರಿದರೆ ರಕ್ತ ಗಟ್ಟಿಯಾಗಿ ಆ ಅಂಕಿ ಏರುತ್ತದೆ. ಬುಧವಾರ 40 ಇದ್ದದ್ದು ಶುಕ್ರವಾರ 48 ಆದರೆ ಅದು ಶೇ 20ರ ಏರಿಕೆ, ಸೋರಿಕೆಯ ಸ್ಪಷ್ಟ ಸೂಚನೆ. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ತಡಮಾಡಬಾರದು. ಶುಕ್ರವಾರದ ಪರೀಕ್ಷೆ ಬಿಡಬಾರದು ಎನ್ನುವುದು ಇದಕ್ಕೇ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಮಳೆಗಾಲವೂ ಪ್ಲೇಟ್‌ಲೆಟ್ ದಾನಿ ಬೇಕೆಂಬ ಸಂದೇಶಗಳು ಗಾಬರಿಯಿಂದ ಓಡಾಡುತ್ತವೆ. ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದ ಮಾತ್ರಕ್ಕೆ ಪ್ಲೇಟ್‌ಲೆಟ್ ಕೊಡಿಸುವುದಿಲ್ಲ. ರಕ್ತಸ್ರಾವವಾಗುತ್ತಿದ್ದರೆ ಅಥವಾ ಸಂಖ್ಯೆ 10,000ಕ್ಕಿಂತ ಕಡಿಮೆಯಾದರೆ ವೈದ್ಯರು ಅದನ್ನು ಯೋಚಿಸುತ್ತಾರೆ. ಹೆಚ್ಚಿನವರಿಗೆ ಬೇಕಾಗುವುದು ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯ ದ್ರವ. ಪರಂಗಿ ಎಲೆಯ ರಸವನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ. ಕಹಿ ರಸ ಕುಡಿಸಿ ವಾಂತಿಯಾದರೆ ಇದ್ದ ನೀರಿನಂಶವೂ ಹೋಗುತ್ತದೆ.

ಗುಣವಾಗುವ ಹೊತ್ತಿಗೆ ಕೈಕಾಲುಗಳ ಮೇಲೆ ಕೆಂಪಗಿನ ಚರ್ಮದ ನಡುವೆ ಬಿಳಿ ಚುಕ್ಕೆಗಳು ಎದ್ದು ತುರಿಸಬಹುದು. ಅದು ತಾನಾಗಿ ಹೋಗುತ್ತದೆ.

## ಹಂತ 9: ರೋಗಿಯನ್ನು ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಿ, ಕಚೇರಿಗೆ ತಿಳಿಸಿ

ಡೆಂಗ್ಯೂ ಒಬ್ಬರಿಂದ ಒಬ್ಬರಿಗೆ ಮುಟ್ಟುವುದರಿಂದ ಬರುವುದಿಲ್ಲ. ಆದರೆ ಜ್ವರದ ದಿನಗಳಲ್ಲಿ ರೋಗಿಯನ್ನು ಕಚ್ಚಿದ ಈಡಿಸ್ ಸೊಳ್ಳೆಯೊಳಗೆ ವೈರಸ್ ಬೆಳೆದು, ಸುಮಾರು 8ರಿಂದ 12 ದಿನಗಳ ನಂತರ ಅದು ಕಚ್ಚಿದವರಿಗೆ ಹರಡುತ್ತದೆ. ಆದ್ದರಿಂದ ಜ್ವರವಿರುವಷ್ಟು ದಿನ, ಹಗಲಿನಲ್ಲಿಯೂ ರೋಗಿ ಸೊಳ್ಳೆಪರದೆಯೊಳಗೆ ಮಲಗಬೇಕು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿರಬೇಕು. ಮನೆಯ ಉಳಿದವರು ತುಂಬುತೋಳಿನ ಬಟ್ಟೆ ಹಾಕಿ, ತೆರೆದ ಕೈಕಾಲಿಗೆ ಸೊಳ್ಳೆ ನಿವಾರಕ ಮುಲಾಮು ಹಚ್ಚಿಕೊಳ್ಳಲಿ.

ಪರೀಕ್ಷೆಯಲ್ಲಿ ಡೆಂಗ್ಯೂ ದೃಢಪಟ್ಟರೆ ಅಂದೇ ಕಚೇರಿಗೆ ತಿಳಿಸಿ. ರೋಗಿಯ ಹೆಸರನ್ನಾಗಲೀ ಮನೆಯ ಸಂಖ್ಯೆಯನ್ನಾಗಲೀ ಗುಂಪಿನಲ್ಲಿ ಹಾಕುವುದಿಲ್ಲ. ತಿಳಿದ ದಿನವೇ ಪಾಲಿಕೆಯ ಆರೋಗ್ಯ ಸಿಬ್ಬಂದಿಗೆ ಸುದ್ದಿ ಕೊಟ್ಟು, ಅದೇ ಮಹಡಿ ಮತ್ತು ಅದರ ಮೇಲೆ ಕೆಳಗಿನ ಮಹಡಿಗಳ ಎಲ್ಲ ಮನೆಗಳ ಯುಟಿಲಿಟಿ, ಫ್ರಿಜ್ಜಿನ ತಟ್ಟೆ, ಬಾಲ್ಕನಿಗಳನ್ನು ಪರಿಶೀಲಿಸಲಾಗುವುದು. ಪರಿಶೀಲನೆಗೆ ಬರುವವರು ಗುರುತಿನ ಚೀಟಿ ತೋರಿಸುತ್ತಾರೆ, ಜೊತೆಗೆ ಸಮಿತಿಯ ಸದಸ್ಯರೊಬ್ಬರು ಇರುತ್ತಾರೆ. ಹಗಲಿನಲ್ಲಿ ಮನೆಯಲ್ಲಿ ಯಾರೂ ಇರದವರು ಸಂಜೆ ಏಳರ ನಂತರದ ಸಮಯವನ್ನು ಕಚೇರಿಯ ಪುಸ್ತಕದಲ್ಲಿ ಮೊದಲೇ ಬರೆಸಬಹುದು.

ಭಾನುವಾರದ ಒಣದಿನದಂದು ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ತಾರಸಿಯ ಬಾಗಿಲು ತೆರೆದಿರುತ್ತದೆ. ಡ್ರಮ್ಮು ಒಣಗಿಸಲು ಬಾಲ್ಕನಿಯಲ್ಲಿ ಬಿಸಿಲು ಸಾಲದವರು ಅಲ್ಲಿಗೆ ತರಬಹುದು. ಒಬ್ಬರೇ ಇರುವ ಹಿರಿಯರು ಶನಿವಾರ ಸಂಜೆಯೊಳಗೆ ಹೇಳಿದರೆ ಹೌಸ್‌ಕೀಪಿಂಗ್‌ನವರು ಮನೆಗೆ ಬಂದು ಡ್ರಮ್ಮು ಬೋರಲು ಹಾಕಿ ಉಜ್ಜಿಕೊಡುತ್ತಾರೆ.

ನಿರ್ವಹಣಾ ಸಮಿತಿ